ಗಾಡಿ ಕೆಂಪು ದೀಪ ತೋರಿಸಿದ್ರ ನಿಂದರೂದ, ಚರ್ಚಾ ಆಮ್ಯಾಲ

ಸ್ಕಾಟ್‌ಲಂಡಿನಿಂದ ಬಂದಮ್ಯಾಲ ಗ್ರೂಪಿನ್ಯಾಗ ಫೋಟೋ ಹಾಕಿದ್ದೆ ನೋಡ್ರಿ, ಅದರಾಗ ಕೆರಿ, ಗುಡ್ಡ, ಕುರಿ ಎಲ್ಲಾ ಬಿಟ್ಟು ನೀವೆಲ್ಲಾರೂ ಕೇಳಿದ್ದು ಒಂದ ಮಾತು: "ವೈನಿ, ನಡುನಡುವ ಗಾಡಿ ಮೀಟರಿನ ಫೋಟೋ ಯಾಕ ಹಾಕೀರಿ?" ತಪ್ಪಿ ಹಾಕಿದ್ದಲ್ಲ. ಒಟ್ಟು ನಾಕು ಫೋಟೋ. ಈಗ ನಮ್ಮ ಮನಿ ಹುಡುಗೂರು ಎಲ್ಲೆಲ್ಲೋ ಇರ್ತಾರ, ನಾವೂ ವರ್ಷಕ್ಕೊಮ್ಮೆ ಹೋಗ್ತೀವಿ, ಅಲ್ಲಿ ಬಾಡಿಗಿ ಗಾಡಿ ತಗೋತೀವಿ. ಅದಕ್ಕ ಆ ನಾಕೂ ಫೋಟೋದಾಗ ಏನು ಬರದದ, ಯಾವುದಕ್ಕ ಎಷ್ಟು ಗಡಿಬಿಡಿ ಮಾಡಬೇಕು ಅಂತ ಹೇಳ್ತೀನಿ. ನನಗ ಗಾಡಿ ನಡಸಾಕ ಬರೂದಿಲ್ಲ. ಬರದಿದ್ರೂ ಇದು ಗೊತ್ತಿರಬೇಕು ಅನ್ನೂದ ನನ್ನ ವಾದ. ಯಾಕಂದ್ರ ಗಾಡಿ ನಡಸಾವರು ರಸ್ತಾ ನೋಡ್ತಿರ್ತಾರ, ಅಲ್ಲೆ ನಡಸಕೋತ ಫೋನು ಕೈಯಾಗ ಹಿಡಿಯೂದು ಕಾನೂನಿನ ಪ್ರಕಾರನೂ ತಪ್ಪು. ಫೋಟೋ ತಗಿಯೂದು, ಓದೂದು ಬಾಜೂಕ ಇಲ್ಲಾ ಹಿಂದ ಕೂತವರ ಕೆಲಸ.

ನಮ್ಮ ಗಂಡಸರದು ಎರಡು ಮಾತು ಇರ್ತಾವ. ಒಂದು, "ಬಾಡಿಗಿ ಗಾಡಿ, ನಮಗೇನ ಆಗಬೇಕು." ಇನ್ನೊಂದು, "ಹಂಗ ಏನರ ತೋರಸ್ತಿರ್ತದ, OK ಒತ್ತಿಬಿಡು." ಎರಡೂ ನನಗ ಒಪ್ಪಿಗಿ ಇಲ್ಲ. OK ಒತ್ತಿದ್ರ ಹೋಗೂದು ಅಕ್ಷರ, ಬ್ಯಾನಿ ಅಲ್ಲ. ಬಾಡಿಗಿ ಗಾಡಿ ಅಂದ್ರ ಇನ್ನೂ ಜಾಸ್ತಿ ಜ್ವಾಕಿ ಬೇಕು, ಯಾಕಂದ್ರ ಅದು ನಿನ್ನೆ ಯಾರ ಕೈಯಾಗಿತ್ತು, ಹ್ಯಾಂಗ ನಡಸಿದ್ರು ನಮಗ ಗೊತ್ತಿಲ್ಲ. ಆದ್ರ ಇವತ್ತು ಸಹಿ ಮಾಡಿದವರು ನಾವು.

ಮೊದಲನೇ ಫೋಟೋ ಗಾಡಿ ಕೀಲಿ ಕೊಟ್ಟ ಕೂಡಲೆ, ಎಡಿನ್‌ಬರೋ ವಿಮಾನ ನಿಲ್ದಾಣದ ಅಂಗಳದಾಗ ತಗದದ್ದು. ಡೀಸೆಲ್ ಗಾಡಿ, ಏಳು ಸೀಟಿಂದು. ಗಾಡಿ ಚಾಲೂ ಮಾಡಿದಾಗ ಎಲ್ಲಾ ದೀಪ ಒಮ್ಮೆ ದೀಪಾವಳಿ ಹಂಗ ಹತ್ತತಾವ. ಅದಕ್ಕ ಅಂಜಬ್ಯಾಡ್ರಿ, ಅದು ದೀಪ ಸರಿ ಅದಾವ ಇಲ್ಲ ಅಂತ ಗಾಡಿ ತಾನ ನೋಡಿಕೊಳ್ಳೂದು. ಸ್ವಲ್ಪ ಹೊತ್ತಿಗೆ ಆರತಾವ. ಆರದ ಉಳದದ್ದ ನಮಗ ಸಂಬಂಧ. ನಮ್ಮ ಗಾಡ್ಯಾಗ ಹಳದಿ ಬಣ್ಣದ ಒಂದು ಸ್ಪ್ಯಾನರ್ ಚಿತ್ರ ಉಳೀತು, ಬಾಜೂಕ "Service overdue by 1900 miles" ಅಂತ ಬರದಿತ್ತು. ಸರ್ವಿಸ್ ಮಾಡಬೇಕಾದ ಗಡುವು ದಾಟಿ 1900 ಮೈಲು ಓಡ್ಯದ ಅಂತ ಅರ್ಥ. ಅಂದ್ರ ಸುಮಾರು 3000 ಕಿಲೋಮೀಟರ್.

ಇದು ಎಷ್ಟು ಅವಸರದ್ದು? ರಸ್ತಾದ ಮ್ಯಾಲ ಇದಕ್ಕ ಅವಸರಿಲ್ಲ. ಸರ್ವಿಸ್ ತಡಾ ಆತು ಅಂತ ಗಾಡಿ ನಡುದಾರ್‍ಯಾಗ ನಿಲ್ಲೂದಿಲ್ಲ. ಆದ್ರ ಅಂಗಳದಾಗಿರೋತನಕ ಇದ ಎಲ್ಲಾಕಿಂತ ಅವಸರದ್ದು ಅಂತ ನಾ ಅಂತೀನಿ. ಯಾಕಂದ್ರ ಸರ್ವಿಸ್ ಆಗಿಲ್ಲ ಅಂದ್ರ ಟಾಯರಿನ ಹವಾ, ರೇಡಿಯೇಟರಿನ ನೀರು, ಎಣ್ಣಿ ಇವನ್ನ ಯಾರೂ ಭಾಳ ದಿನದಿಂದ ಕಣ್ಣಿಟ್ಟು ನೋಡಿಲ್ಲ ಅಂತನ ಅರ್ಥ. ಅಲ್ಲೇ ಬ್ಯಾರೆ ಗಾಡಿ ಕೇಳಬೇಕಿತ್ತು. ಕೌಂಟರಿನ ಹುಡುಗ, "ಏನೂ ಆಗೂದಿಲ್ಲ, ಓಕೆ ಒತ್ತಿ ನಡೀರಿ" ಅಂದ. ಅಳಿಯಂದ್ರು ನಾಕು ತಾಸು ವಿಮಾನದ ಹಾದಿ ಕಾಯ್ದು ದಣದಿದ್ರು, ಹೂಂ ಅಂದ್ರು. ನಾ ಮಾತ್ರ ಮೈಲಿನ ಅಂಕಿ, ಮೆಸೇಜು, ಡೀಸೆಲ್ ಕಾಟಾ ಮೂರೂ ಕಾಣೋ ಹಂಗ ಒಂದು ಫೋಟೋ ತಗದೆ. ಮಗಳಿಗೆ ಹೇಳಿ ಅದನ್ನ ಅಲ್ಲಿಂದನ ಅವರ ಇಮೇಲಿಗೆ ಕಳಿಸಿಸಿದೆ. ನಮ್ಮ ಕಡೆ ಬಾಡಿಗಿ ಮನಿ ಹೊಕ್ಕಾಗ ಗ್ವಾಡಿ ಬಿರುಕು ಮೊದಲ ತೋರಿಸಿಡ್ತೀವಲ್ಲ, ಹಂಗ ಅನ್ಕೋರಿ.

ಎರಡನೇ ಫೋಟೋ ಮರುದಿನ ಮುಂಜಾನೆ ಫೋರ್ಟ್ ವಿಲಿಯಂ ಊರಾಗ. ಅಕ್ಟೋಬರ್ ತಿಂಗಳು. ಹಿಂದಿನ ದಿನ ಮಧ್ಯಾಹ್ನ 17 ಡಿಗ್ರಿ ಇದ್ದದ್ದು ಮುಂಜಾನೆ 3 ಆಗಿತ್ತು. ಗಾಡಿ ಚಾಲೂ ಮಾಡಿದ್ರ ಹಳದಿ ದೀಪ: ಕುದುರಿ ಲಾಳದಂಥಾ ಒಂದು ಆಕಾರ, ಕೆಳಗ ಹಲ್ಲು ಹಲ್ಲು, ನಡುವ ಒಂದು ಉದ್ಗಾರ ಚಿಹ್ನೆ. "Check tyre pressures" ಅಂತ ಅಕ್ಷರ. ಟಾಯರಿನ ಹವಾ ಕಡಿಮಿ ಆಗೇದ.

ಥಂಡಿ ಆದ್ರ ಹವಾ ಸೊರಗತದ. 10 ಡಿಗ್ರಿ ಇಳದ್ರ ಹತ್ರ ಹತ್ರ ಒಂದೂವರಿಯಿಂದ ಎರಡು ಪಿಎಸ್‌ಐ ಕಡಿಮಿ ತೋರಸ್ತದ. ಅದಕ್ಕ ಥಂಡಿ ದೇಶದಾಗ ಮುಂಜಾನೆ ಈ ದೀಪ ಹತ್ತೂದು ಭಾಳ. ಅಳಿಯಂದ್ರೂ ಅದನ್ನ ಹೇಳಿದ್ರು: "ಥಂಡಿಗೆ ಅತ್ತಿ, ಸೆಟ್ ಬಟನ್ ಒತ್ತಿಬಿಟ್ರ ಹೋಗ್ತದ." ಇಲ್ಲೇ ಜಗಳ ಶುರು ಆದದ್ದು. ಭಾಳ ಗಾಡಿಯೊಳಗ ಆ ಸೆಟ್ ಬಟನ್ ಅಂದ್ರ "ಈಗ ಎಷ್ಟು ಹವಾ ಅದನೋ ಅದ ಸರಿ, ಇನ್ನ ಮ್ಯಾಲ ಇದನ್ನ ಲೆಕ್ಕಕ್ಕ ಹಿಡಿ" ಅಂತ ಗಾಡಿಗೆ ಹೇಳಿದಂಗ. ಹವಾ ಕಡಿಮಿ ಇದ್ದಾಗ ಅದನ್ನ ಒತ್ತಿದ್ರ, ಕಡಿಮಿನ ಸರಿ ಅಂತ ಅದು ನಂಬಿಬಿಡ್ತದ. ಆಮ್ಯಾಲ ಮೊಳಿ ಚುಚ್ಚಿ ಇನ್ನಷ್ಟು ಇಳದ್ರೂ ತಡಾ ಮಾಡಿ ಹೇಳ್ತದ. ತಕ್ಕಡಿ ಮ್ಯಾಲ ಕಲ್ಲಿಟ್ಟು ಸೊನ್ನಿ ಮಾಡಿದಂಗ. ಮೊದಲು ಅಳತಿ, ಆಮ್ಯಾಲ ಹವಾ, ಕಡೀಕ ಬಟನ್.

ಹಂಗಾರ ಹೊರಡೂ ಮೊದಲ ಏನು ನೋಡಬೇಕು? ನಾಕೂ ಟಾಯರ್ ಸುತ್ತ ಒಂದು ಸುತ್ತು ಹಾಕಿ ಬರ್ರಿ. ಒಂದು ಟಾಯರ್ ಬ್ಯಾರೆ ಮೂರಕಿಂತ ಕೆಳಗ ಹಪ್ಪಳಾಗಿ ಕಂಡ್ರ, ಇಲ್ಲಾ ಗಾಡಿ ಒಂದ ಕಡೆ ಜಗ್ಗಿದ್ರ, ಅಲ್ಲಿಂದ ಹೊರಡಬಾರದು. ಹಂಗ ಏನೂ ಇಲ್ಲಂದ್ರ ಸಾವಕಾಶ ಹತ್ರದ ಪೆಟ್ರೋಲ್ ಪಂಪಿಗೆ ಹೋಗಬಹುದು. ನಮ್ಮದು ಹಂಗ ಇತ್ತು. ಪಂಪು ಅರ್ಧ ಮೈಲಿನೊಳಗ ಇತ್ತು. ಅಲ್ಲೆ ಹವಾ ಹಾಕಾಕ ಹುಡುಗೂರು ಇರೂದಿಲ್ಲ, ಒಂದು ಡಬ್ಬಿ ಇರ್ತದ, ಕಾರ್ಡ್ ತೋರಿಸಿ ನಾವ ಹಾಕ್ಕೋಬೇಕು. ಎಷ್ಟು ಹಾಕಬೇಕು ಅನ್ನೂದು ಡ್ರೈವರ್ ಬಾಗಲಾ ತಗದ್ರ ಆ ಕಂಬದ ಮ್ಯಾಲ ಅಂಟಿಸಿದ ಚೀಟ್ಯಾಗ ಇರ್ತದ, ಕೆಲವು ಗಾಡ್ಯಾಗ ಡೀಸೆಲ್ ಮುಚ್ಚಳದ ಒಳಗ. ನಮ್ಮ ಗಾಡಿಗೆ 36 ಅಂತ ಇತ್ತು. ಅಳದ್ರ ಮೂರು ಟಾಯರ್ 32, 33 ಹಿಂಗ, ಮುಂದಿನ ಎಡದ್ದು 28.

ಈಗ ಲೆಕ್ಕಾ ನೋಡ್ರಿ. ಥಂಡಿಯಿಂದ ಇಳದದ್ದು ಅಂದ್ರ ಎರಡೂವರಿ, ಅದೂ ನಾಕಕ್ಕೂ ಒಂದ ಸಮ. ಉಳದದ್ದು ಮೊದಲ ಕಡಿಮಿ ಇತ್ತು. ಆ 28ರದ್ದಂತೂ ಥಂಡಿ ಮ್ಯಾಲ ಹಾಕೂಹಂಗಿಲ್ಲ. ನಾಕೂ 36 ಮಾಡಿಸಿ, ಆಮ್ಯಾಲ ಸೆಟ್ ಒತ್ತಿ, ಮರುದಿನ ಮುಂಜಾನೆ ಗಾಡಿ ಅಲುಗಿಸೂ ಮೊದಲ ಮತ್ತ ಅಳದ್ವಿ. ಅದು 36ಕ್ಕ ನಿಂತಿತ್ತು. ಒಂದ ದಿನದಾಗ ಅದೊಂದ ಮತ್ತ ಇಳದಿದ್ರ ಮೊಳಿ ಇಲ್ಲಾ ವಾಲ್ವು ಅಂತ ತಿಳಕೊಂಡು ಅವತ್ತ ಟಾಯರ್ ಅಂಗಡಿಗೆ ಹೋಗಬೇಕಿತ್ತು. ಈಗಿನ ಭಾಳ ಗಾಡ್ಯಾಗ ಸ್ಟೆಪ್ನಿ ಕೊಡೂದ ಇಲ್ಲ, ತೂತು ಮುಚ್ಚೂ ಅಂಟಿನ ಬಾಟ್ಲಿ ಕೊಟ್ಟಿರ್ತಾರ. ಅದಕ್ಕ ಟಾಯರ್ ದೀಪಾನ ನಾಳಿಗೆ ಇಡಬಾರದು ಅಂತ ನನ್ನ ಅಭಿಪ್ರಾಯ. ಇನ್ನೊಂದು: ಇದ ದೀಪ ಒಂದು ನಿಮಿಷ ಮಿಣಿ ಮಿಣಿ ಮಿಣುಕಿ ಆಮ್ಯಾಲ ಹಂಗ ಉಳದ್ರ ಹವಾದ ಮಾತಲ್ಲ, ಹವಾ ಅಳಿಯೂ ಯಂತ್ರನ ಕೆಟ್ಟದ ಅಂತ. ಆವಾಗ ಕೈಯಿಂದ ಅಳದು ನೋಡಿಕೊಂಡು ಹೋಗಬಹುದು.

ಮೂರನೇ ಫೋಟೋದಾಗಿನದು ನಮ್ಮ ಹೆಂಗಸರಿಗೆ ಹೊಸಾ ವಿಷಯ. ನೆಸ್ ಕೆರಿ ನೋಡಿ ಇನ್ವರ್ನೆಸ್ ಮುಟ್ಟೂದ್ರಾಗ ಹಳದಿ ಅಕ್ಷರ: "Refill AdBlue. No engine start in 400 miles". ಇದನ್ನ ಓದಿ ನಮ್ಮನಿಯವರ ಎದಿ ಧಸಕ್ ಅಂತು. ಎಂಜಿನ್ ನಿಂತ ಹೋಗ್ತದಂತ ತಿಳದ್ರು.

ಆ್ಯಡ್‌ಬ್ಲೂ ಅಂದ್ರ ಏನೂ ಮಂತ್ರ ಅಲ್ಲ, ಯೂರಿಯಾ ನೀರು. 100ಕ್ಕ 32.5 ಭಾಗ ಶುದ್ಧ ಯೂರಿಯಾ, ಉಳದದ್ದು ಉಪ್ಪು ಖನಿಜ ಏನೂ ಇಲ್ಲದ ನೀರು. ಡೀಸೆಲ್ ಹೊಗಿಯೊಳಗಿನ ಕೆಟ್ಟ ಗಾಳಿ ಕಡಿಮಿ ಮಾಡಾಕ ಸೈಲೆನ್ಸರಿನ ಕೊಳವ್ಯಾಗ ಇದನ್ನ ಸಿಂಪಡಿಸ್ತದ. ನಮ್ಮಲ್ಲೂ ಬಿಎಸ್ ಸಿಕ್ಸ್ ಬಂದಮ್ಯಾಲ ಲಾರಿ ಬಸ್ಸಿನವರು ಡಿಇಎಫ್ ಅಂತ ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕೂದು ಇದನ್ನ. ಹೊಲಕ್ಕ ಹಾಕೂ ಯೂರಿಯಾ ಕಲಿಸಿ ಹಾಕಿದ್ರ ಆಗ್ತದೇನು ಅಂತ ನಮ್ಮನಿಯವರು ಕೇಳಿದ್ರು. ಆಗೂದಿಲ್ಲ, ಅದರಾಗಿನ ಕಲಬೆರಕಿಗೆ ಆ ಸಣ್ಣ ಪಿಚಕಾರಿ ಕಟ್ಟಿಕೊಂಡು ಕೂಡ್ತದ.

ಇದು ಮುಗದ್ರ ಓಡೂ ಗಾಡಿ ನಡುರಸ್ತಾದಾಗ ನಿಲ್ಲೂದಿಲ್ಲ. ಆದ್ರ 400 ಇದ್ದದ್ದು ಇಳಕೋತ ಸೊನ್ನಿಗೆ ಬಂದಮ್ಯಾಲ ಒಮ್ಮೆ ಆರಿಸಿದ್ರ ಮತ್ತ ಚಾಲೂ ಆಗೂದಿಲ್ಲ. ಹೊಗಿ ಕಾನೂನಿಗಂತ ಗಾಡಿ ಮಾಡಾವ್ರ ಹಂಗ ಕಟ್ಟಿ ಇಟ್ಟಿರ್ತಾರ. ಅಂದ್ರ ಇದು ಗಡಿಬಿಡಿದಲ್ಲ, ದಿನಾ ಲೆಕ್ಕಾ ಇಡೂದು. ಸಿಲಿಂಡರ್ ಮುಗಿಯಾಕ ಬಂದದ, ಇನ್ನೊಂದು ಬುಕ್ ಮಾಡು ಅಂದಂಗ. ಇನ್ವರ್ನೆಸ್‌ದಿಂದ ಎಡಿನ್‌ಬರೋ ಬರೇ 155 ಮೈಲು. 400ರಾಗ ಆರಾಮ ಮುಟ್ಟತಿದ್ವಿ. ಅಳಿಯಂದ್ರು ಇದ ಲೆಕ್ಕಾ ಹೇಳಿ "ಬಿಟ್ಟುಬಿಡೂಣು" ಅಂದ್ರು. ಲೆಕ್ಕಾ ಸರಿ ಇತ್ತು. ಆದ್ರ ನಡುವ ಎಲ್ಲಿ ತಿರುಗಾಡ್ತೀವಿ ಗೊತ್ತಿಲ್ಲ, ಖಾಲಿ ಮಾಡಿ ಕೊಟ್ರ ಅವರು ತಮ್ಮ ದರಾ ಹಚ್ಚತಾರ. ಅದಕ್ಕ ಮಗಳು ಕೀಲಿಗೊಂಚಲದ ಮ್ಯಾಲಿದ್ದ ನಂಬರಿಗೆ ಫೋನ್ ಹಚ್ಚಿ ಕೇಳಿದ್ಲು. "10 ಲೀಟರ್ ಡಬ್ಬಿ ತಗೊಂಡು ಹಾಕ್ರಿ, ಚೀಟಿ ಇಟ್ಕೋರಿ, ರೊಕ್ಕಾ ಕೊಡ್ತೀವಿ" ಅಂದ್ರು. ಕೇಳದ ಹಾಕಿದ್ರ ರೊಕ್ಕಾ ಕೇಳೂ ಹಕ್ಕು ಇರ್ತಿರಲಿಲ್ಲ.

ಹಾಕೂವಾಗ ಒಂದ ಒಂದು ಎಚ್ಚರಿಕಿ, ಅದು ಮಾತ್ರ ಭಾಳ ದೊಡ್ಡದು. ಡೀಸೆಲ್ ಮುಚ್ಚಳದ ಬಾಜೂಕನ ನೀಲಿ ಮುಚ್ಚಳ ಇರ್ತದ. ನೀಲಿಗೆ ನೀಲಿ. ಈ ನೀರು ಡೀಸೆಲ್ ಟ್ಯಾಂಕಿಗೆ ಬಿತ್ತಂದ್ರ ಕೀಲಿ ಸೈತ ತಿರುವಬಾರದು. ಕೀಲಿ ತಿರುವಿದ್ರ ಪಂಪು ಚಾಲೂ ಆಗಿ ಅದನ್ನ ಎಂಜಿನ್ ತನಕ ಒಯ್ತದ, ಅಲ್ಲೆ ಹರಳು ಕಟ್ಟತದ. ಹಂಗ ನಿಲ್ಲಿಸಿ ಫೋನ್ ಹಚ್ಚಬೇಕು, ಟ್ಯಾಂಕ್ ಖಾಲಿ ಮಾಡಿಸಿದ್ರ ಮುಗೀತು. ಚಾಲೂ ಮಾಡಿದ್ರ ರಿಪೇರಿ ಬಿಲ್ ನಮ್ಮ ಪ್ರವಾಸದ ಖರ್ಚು ಮೀರಿ ಹೋದೀತು. ನಾವು ಪೂರಾ 10 ಲೀಟರ್ ಹಾಕಿದ್ವಿ. ಒಂದೆರಡು ಲೀಟರ್ ಹಾಕಿದ್ರ ಭಾಳ ಗಾಡಿ ಅದನ್ನ ಲೆಕ್ಕಕ್ಕ ತಗೊಳ್ಳೂದಿಲ್ಲ, ಮೆಸೇಜು ಹೋಗೂದಿಲ್ಲ. ಹಾಕಿದ ಕೂಡಲೆನೂ ಹೋಗಲಿಲ್ಲ, ಸ್ವಲ್ಪ ದೂರ ಓಡಿದಮ್ಯಾಲ ಹೋತು. ಕೈಮ್ಯಾಲ ಚೆಲ್ಲಿದ್ದು ತೊಳಕೋರಿ, ಒಣಗಿದ್ರ ಬೆಳ್ಳಗ ಸುಣ್ಣದ ಹಂಗ ಕೂಡ್ತದ.

ಈಗ ನಾಕನೇದು. ಇದರ ಸಲುವಾಗಿನ ಇಷ್ಟೆಲ್ಲಾ ಬರದದ್ದು.

ಇನ್ವರ್ನೆಸ್ ಬಿಟ್ಟು ಎ ನೈನ್ ರಸ್ತಾ ಹಿಡದು ದಕ್ಷಿಣಕ್ಕ ಬರ್ತಿದ್ವಿ. ಡಾಲ್‌ವಿನ್ನಿ ಅನ್ನೂ ಊರು ದಾಟಿ ಡ್ರುಮೋಖ್ಟರ್ ಘಟ್ಟ ಏರತದ ಆ ರಸ್ತಾ. ಎರಡೂ ಕಡೆ ಬೋಳು ಗುಡ್ಡ, ಗಾಳಿ. ನಾ ಹಿಂದ ಕೂತಿದ್ದೆ, ಕಾಲಿಗೆ ಬೆಚ್ಚಗ ಬರ್ತಿದ್ದ ಹೀಟರಿನ ಗಾಳಿ ಒಮ್ಮಿಂದೊಮ್ಮೆ ಥಣ್ಣಗ ಬರಾಕ ಹತ್ತಿತು. "ಹೀಟರ್ ಆರಿಸಿದ್ರೇನು?" ಅಂತ ಕೇಳಿದೆ. "ಇಲ್ಲತ್ತಿ, ಪೂರ್ತಿ ಇಟ್ಟೀನಿ" ಅಂದ್ರು. ಆಗ ನಮಗ್ಯಾರಿಗೂ ಅದರ ಅರ್ಥ ಹೊಳಿಲಿಲ್ಲ. ಎರಡು ನಿಮಿಷಕ್ಕ ಟಣ್ ಟಣ್ ಅಂತ ಗಂಟಿ ಹೊಡದು ಕೆಂಪು ಅಕ್ಷರ ಬಂತು: "Coolant: stop vehicle, engine off". ಬಾಜೂಕ ನೀರಿನ ತೆರಿಯೊಳಗ ಥರ್ಮಾಮೀಟರ್ ಇಟ್ಟಂಥಾ ಕೆಂಪು ಚಿತ್ರ.

ಕೆಂಪು ಅಂದ್ರ ಈಗ. ಮುಂದಿನ ಊರಿಗಲ್ಲ, ಮುಂದಿನ ಪಂಪಿಗಲ್ಲ. ಗಾಡಿ ನಿಲ್ಲಿಸಾಕ ಸುರಕ್ಷಿತ ಜಾಗಾ ಸಿಕ್ಕ ಕೂಡಲೆ. ಅಳಿಯಂದ್ರು ಮೀಟರ್ ನೋಡಿ, "ಕಾಟಾ ನಡುವ ಅದ, ಬಿಸಿ ಆಗಿಲ್ಲ, ಬ್ಲೇರ್ ಆಥೋಲ್ ಊರಿಗೆ ಹೋಗಿ ನಿಲ್ಲೂಣು, ಇಲ್ಲೇನದ ಬರೇ ಗಾಳಿ" ಅಂದ್ರು. ಆ ಊರು ಇನ್ನೂ ಸುಮಾರು 20 ಮೈಲು. ಮಗಳು, "ನಿಲ್ಲಸ್ರಿ ಅಂದ್ರ ನಿಲ್ಲಸ್ರಿ" ಅಂದ್ಲು. ರಸ್ತಾದ ಬಾಜೂಕ ಗಾಡಿ ನಿಲ್ಲಿಸೂ ಕಟ್ಟಿ ಬಂತು, ನಿಂತ್ವಿ, ಆರಿಸಿದ್ವಿ.

ಕಾಟಾ ನಡುವ ಇತ್ತು ಅನ್ನೂದು ಖರೆ. ಆದ್ರ ಆ ಕಾಟಾ ಅಳಿಯೂದು ನೀರಿನ ಬಿಸಿನ್ನ. ನೀರ ಇಲ್ಲಂದ್ರ ಅದು ಅಳಿಯೂದಾದ್ರೂ ಏನು? ಕುಕ್ಕರಿನ್ಯಾಗ ನೀರು ಹಾಕೂದು ಮರತಾಗ ಸೀಟಿ ಆಗೂದಿಲ್ಲ, ಒಳಗ ಮಾತ್ರ ಹೊತ್ತಿ ಕರ್ರಗಾಗಿರ್ತದ. ಸೀಟಿ ಆಗಿಲ್ಲ ಅಂತ ನಾವು ಸುಮ್ಮನ ಕೂಡೂದಿಲ್ಲಲ್ಲ. ಹೀಟರ್ ಥಣ್ಣಗಾದದ್ದೂ ಅದಕ್ಕ. ಗಾಡಿಯ ಹೀಟರ್ ಬೆಚ್ಚಗ ಮಾಡೂದು ಎಂಜಿನ್ನಿನ ಬಿಸಿನೀರಿನಿಂದ. ನೀರು ಕಡಿಮಿ ಆದ್ರ ಹೀಟರಿನ ಕೊಳವಿಗೆ ಮುಟ್ಟೂದಿಲ್ಲ, ಥಂಡಿ ಗಾಳಿ ಬರ್ತದ. ಬಿಸಿ ಹೀಟರ್ ತಾನ ಥಣ್ಣಗಾದ್ರ ಅದೂ ಒಂದು ಸೂಚನಾ ಅಂತ ತಿಳೀರಿ, ದೀಪ ಹತ್ತೂಕಿಂತ ಮೊದಲ ಬರೂ ಸೂಚನಾ.

ಹಂಗ 20 ಮೈಲು ಹೋಗಿದ್ರ ಏನಾಗ್ತಿತ್ತು? ಎಂಜಿನ್ನಿನ ತಲಿ ಭಾಗ ಅಲ್ಯುಮಿನಿಯಂದು. ಅತೀ ಕಾಯ್ದ್ರ ಸೊಟ್ಟಾಗತದ, ನಡುವಿನ ಗ್ಯಾಸ್ಕೆಟ್ ಸುಡತದ, ಕುಕ್ಕರ್ ಗ್ಯಾಸ್ಕೆಟ್ ಹೋದಂಗ, ಆದ್ರ ಇದು ನೂರು ರೂಪಾಯಿದಲ್ಲ. ಇನ್ನ ನಮ್ಮ ಕರಾರು ಪತ್ರದಾಗ ಸಣ್ಣ ಅಕ್ಷರದಾಗ ಬರದಿತ್ತು: ಎಚ್ಚರಿಕಿ ದೀಪ ಹತ್ತಿದಮ್ಯಾಲೂ ನಡಸಿ ಹಾನಿ ಮಾಡಿದ್ರ ವಿಮಾ ಇಲ್ಲ, ಪೂರಾ ಖರ್ಚು ಬಾಡಿಗಿದಾರಂದು. ಎಕ್ಸ್‌ಟ್ರಾ ರೊಕ್ಕಾ ಕೊಟ್ಟು ತಗೊಂಡ ವಿಮಾನೂ ಅಲ್ಲೆ ಕೆಲಸಕ್ಕ ಬರ್ತಿರಲಿಲ್ಲ. ಗಾಡಿ ಯಾವಾಗ ಎಚ್ಚರಿಕಿ ಕೊಡ್ತು, ಆಮ್ಯಾಲ ಎಷ್ಟು ಓಡ್ತು ಅನ್ನೂದನ್ನ ಈಗಿನ ಗಾಡಿಗಳು ತಮ್ಮೊಳಗ ಬರದಿಟ್ಕೋತಾವ. ಸುಳ್ಳು ಹೇಳಾಕೂ ಬರೂದಿಲ್ಲ.

ನಿಂತಮ್ಯಾಲ ನಮ್ಮನಿಯವರು ಬಾನೆಟ್ ತಗದು ಬಾಟ್ಲಿ ನೀರು ಹಾಕಾಕ ಹೊಂಟಿದ್ರು. ಅದನ್ನ ಮಾತ್ರ ಯಾರೂ ಮಾಡಬ್ಯಾಡ್ರಿ. ಕಾಯ್ದಾಗ ಆ ಮುಚ್ಚಳ ತಿರುವಿದ್ರ ಉಗಿ ಮುಖಕ್ಕ ಹೊಡೀತದ. ಕಾಯ್ದ ಎಂಜಿನ್ನಿಗೆ ಥಣ್ಣೀರು ಸುರದ್ರ ಅದು ಸೀಳೂದೂ ಅದ. ನಾವು ಮೀಟರ್ ಫೋಟೋ ತಗದ್ವಿ, ಎಲ್ಲಾರೂ ಎಡದ ಬಾಗಲದಿಂದ ಇಳದು ರಸ್ತಾದಿಂದ ದೂರ ನಿಂತ್ವಿ. ನಮ್ಮ ಫೋನಿಗೆ ನೆಟ್‌ವರ್ಕ್ ಇರಲಿಲ್ಲ, ಮಗಳದಕ್ಕ ಒಂದ ಗೀಟು ಇತ್ತು. ಎರಡು ತಾಸಿಗೆ ಗಾಡಿ ಎಳಿಯೂ ಲಾರಿ ಬಂತು. ಮೆಕ್ಯಾನಿಕ್ ಟಾರ್ಚ್ ಹಾಕಿ ಒಂದು ರಬ್ಬರ್ ಪೈಪಿನ ಸಂದಿ ತೋರಿಸಿದ. ಅಲ್ಲೆ ಗುಲಾಬಿ ಬಣ್ಣದ ಹಕ್ಕಳಿ ಒಣಗಿ ಕೂತಿತ್ತು. ಅದು ಕೂಲಂಟ್ ನೀರು ಸೋರಿ ಒಣಗಿದ್ದು, ಇವತ್ತಿಂದಲ್ಲ, ವಾರಗಟ್ಟಲೆ ಸೋರಿದ್ದು ಅಂತ ಅವನ ಹೇಳಿದ. ನಾ ಅದರದ್ದೂ ಒಂದು ಫೋಟೋ ತಗೊಂಡೆ. ಪರ್ತ್ ಊರಾಗ ಬ್ಯಾರೆ ಗಾಡಿ ಕೊಟ್ರು.

ಕೆಂಪಿನ್ಯಾಗ ಇನ್ನೆರಡು ನೆನಪಿಡ್ರಿ. ಎಣ್ಣಿ ಗಿಂಡಿಯಿಂದ ಹನಿ ಬೀಳೂ ಹಂಗ ಇರೂ ಕೆಂಪು ಚಿತ್ರ ಎಣ್ಣಿ ಒತ್ತಡದ್ದು, ಇದಕ್ಕ ನಿಮಿಷನೂ ಕೊಡಬಾರದು, ಬಾಜೂಕ ತಗೊಂಡು ಆರಿಸೂದ. ಅದ ಗಿಂಡಿ ಹಳದಿ ಇದ್ರ ಎಣ್ಣಿ ಕಡಿಮಿ ಆಗೇದ, ಫೋನ್ ಹಚ್ಚಿ ಕೇಳಿ ಹಾಕಬೇಕು. ಇನ್ನ ವರ್ತುಳದಾಗ ಉದ್ಗಾರ ಚಿಹ್ನೆ ಕೆಂಪಗಿದ್ರ ಬ್ರೇಕಿಂದು. ಮೊದಲ ಹ್ಯಾಂಡ್‌ಬ್ರೇಕ್ ಇಳಸೀರಿಲ್ಲೋ ನೋಡ್ರಿ, ಇಳಿಸಿದ್ರೂ ಉಳದಿದ್ರ ಹೊರಡಬ್ಯಾಡ್ರಿ. ಹಳದಿ ಎಂಜಿನ್ ಚಿತ್ರ ಹಂಗ ನಿಂತಿದ್ರ ಸಾವಕಾಶ ನಡಸಿ ಫೋನ್ ಹಚ್ಚಬಹುದು, ಮಿಣುಕಾಕ ಹತ್ತಿದ್ರ ವೇಗ ಇಳಿಸಿ ಆದಷ್ಟು ಲಗೂ ನಿಂತು ಕೇಳಬೇಕು.

ಎಡಿನ್‌ಬರೋದಾಗ ಎರಡನೇ ಗಾಡಿ ವಾಪಸ್ ಕೊಡೂವಾಗ ಕೌಂಟರಿನವ ಬಿಲ್ ತೋರಿಸಿದ. ಅದರಾಗ ಗಾಡಿ ಎಳದ ಖರ್ಚು, ಎಂಜಿನ್ ತಪಾಸಣಿ ಅಂತ ಎರಡು ಸಾಲು ನಮ್ಮ ಹೆಸರಿಗೆ ಹಾಕಿದ್ದ. "ನೀವು ಕಾಯಿಸಿ ನಡಸೀರಿ" ಅಂದ. ಅಳಿಯಂದ್ರ ಮುಖ ಕೆಂಪಾತು. ಮಗಳು ಮೊದಲ ದಿನದ ಇಮೇಲ್ ತಗದು ಮುಂದ ಇಟ್ಲು: 1900 ಮೈಲಿನ ಫೋಟೋ, ಅದರ ತಾರೀಖು ವ್ಯಾಳ್ಯಾ, ಆಮ್ಯಾಲ ಘಟ್ಟದ ಮ್ಯಾಲಿನ ಕೆಂಪು ಫೋಟೋ, ಕಡೀಕ ಆ ಗುಲಾಬಿ ಹಕ್ಕಳಿ. ಅವ ಎರಡು ಸಲ ಬೆರಳಿಂದ ದೊಡ್ಡದು ಮಾಡಿ ನೋಡಿದ, ಒಳಗ ಹೋಗಿ ಬಂದ, ಎರಡೂ ಸಾಲು ಹೊಡದ ಹಾಕಿದ. ಆ್ಯಡ್‌ಬ್ಲೂ ಡಬ್ಬಿ ರೊಕ್ಕಾ ಮಾತ್ರ ಇನ್ನೂ ಬಂದಿಲ್ಲ. ಚೀಟಿ ಮಗಳ ಹತ್ರ ಅದ, ಬಿಡೂದಿಲ್ಲ ಅಂದಾಳ.